ಮನೆ ಬಿಡುವಾಗ ಬಣ್ಣದ ಖರ್ಚು ಯಾರದು: ಕರಾರಿಗೆ ಸಹಿ ಹಾಕುವ ಮುನ್ನ ತೀರ್ಮಾನಿಸಬೇಕಾದದ್ದು

ಪ್ರಶ್ನೆ: ಮಾನ್ಯರೇ, ಬೆಂಗಳೂರಿನಲ್ಲಿ ನಾವು ಇಪ್ಪತ್ತೆರಡು ತಿಂಗಳು ಇದ್ದ ಮನೆಯನ್ನು ಇತ್ತೀಚೆಗೆ ಬಿಟ್ಟೆವು. ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ 24,000 ರೂಪಾಯಿ ಮತ್ತು ಅಡುಗೆಮನೆಯ ಗೋಡೆ ಹಾಳಾಗಿದೆಯೆಂದು ಇನ್ನೂ 9,000 ರೂಪಾಯಿಯನ್ನು ಮಾಲೀಕರು ಅಡ್ವಾನ್ಸ್‌ನಲ್ಲಿ ಮುರಿದುಕೊಂಡರು. ಈಗ ಹಿಡಿಯುತ್ತಿರುವ ಮನೆಗೆ 28,000 ಬಾಡಿಗೆ, 1,50,000 ಅಡ್ವಾನ್ಸ್. ಇಲ್ಲಿಯೂ ಕರಾರಿನಲ್ಲಿ ‘ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್ ಚಾರ್ಜ್’ ಎಂದಿದೆ. ಕೇಳಿದರೆ ‘ಕಾನೂನೇ ಹಾಗಿದೆ, ಎಲ್ಲರೂ ಕೊಡುತ್ತಾರೆ’ ಎನ್ನುತ್ತಾರೆ. ನಮಗೆ ನಾಲ್ಕು ವರ್ಷದ ಮಗುವಿದೆ. ಒಂದು ಕೋಣೆಯ ಗೋಡೆಯಲ್ಲಿ ಈಗಾಗಲೇ ಬಣ್ಣ ಉಬ್ಬಿದೆ. ಯಾವುದನ್ನು ಸಹಜ ಸವಕಳಿ ಎನ್ನಬೇಕು? ಕರಾರಿನಲ್ಲಿ ಏನೆಂದು ಬರೆಸಿಕೊಳ್ಳಬೇಕು?

ಉತ್ತರ: ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕಾಗಿ ಕೊಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೆ ಹಾಗೆಂದು ಬರೆದ ಕರಾರಿಗೆ ಸಹಿ ಹಾಕಿದ ಮೇಲೆ ಅದನ್ನು ಕೊಡಬೇಕಿಲ್ಲವೆಂದು ವಾದಿಸುವುದು ಸುಲಭವಲ್ಲ. ಈ ಎರಡೂ ಮಾತುಗಳು ಏಕಕಾಲಕ್ಕೆ ನಿಜವಾಗಿರುವುದರಿಂದಲೇ ಇಷ್ಟೊಂದು ಗೊಂದಲ.

ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿರುವ ಮನೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ನಿಮ್ಮಂಥವರ ಬಾಡಿಗೆ ಸಂಬಂಧವನ್ನು ಮುಖ್ಯವಾಗಿ ನಿರ್ಧರಿಸುವುದು ನಿಮ್ಮ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಬಾಡಿಗೆದಾರನು ಸ್ವತ್ತನ್ನು ತಾನು ಪಡೆದಾಗ ಇದ್ದಂಥ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಸವಕಳಿಯಿಂದ ಮತ್ತು ತಡೆಯಲಾಗದ ಶಕ್ತಿಗಳಿಂದ ಆದ ಬದಲಾವಣೆಗಳಿಗೆ ಅವನು ಹೊಣೆಗಾರನಲ್ಲ. ಇಷ್ಟನ್ನೇ ಓದಿದರೆ ಬಣ್ಣ ಮಾಸಿದ್ದಕ್ಕೆ ಬಾಡಿಗೆದಾರನು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಆದರೆ ಅದೇ ಕಲಮು ಶುರುವಾಗುವುದೇ ‘ಇದಕ್ಕೆ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಲ್ಲಿ’ ಎಂಬ ಅರ್ಥದ ಷರತ್ತಿನಿಂದ. ನಿಮ್ಮ ಮಾಲೀಕರ ‘ಎಲ್ಲರೂ ಕೊಡುತ್ತಾರೆ’ ಎಂಬ ಮಾತಿಗೆ ಕಾನೂನಿನಲ್ಲಿ ಏನಾದರೂ ನೆಲೆಯಿದ್ದರೆ ಅದು ಈ ‘ಸ್ಥಳೀಯ ರೂಢಿ’ಯಲ್ಲಿದೆ. ರೂಢಿಯನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸುವುದು ಸುಲಭವಲ್ಲ, ಆದರೆ ಕರಾರಿನಲ್ಲಿ ಬರೆದುಬಿಟ್ಟರೆ ರುಜುವಾತಿನ ಅಗತ್ಯವೇ ಬೀಳುವುದಿಲ್ಲ.

ಬಾಡಿಗೆದಾರರ ಕಡೆಯಿಂದಲೂ ಒಂದು ತಪ್ಪು ತಿಳಿವಳಿಕೆ ಪದೇ ಪದೇ ಬರುತ್ತದೆ. ಕೇಂದ್ರ ಸರ್ಕಾರವು 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯು ಗೋಡೆಗಳ ಸುಣ್ಣಬಣ್ಣ ಮತ್ತು ಬಾಗಿಲು ಕಿಟಕಿಗಳ ಪೇಂಟಿಂಗನ್ನು ಮಾಲೀಕನ ಪಾಲಿಗೆ ಹಾಕಿದೆ, ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯದ ಶಾಸನಸಭೆ ಅದನ್ನು ಕಾಯ್ದೆಯಾಗಿ ಅಂಗೀಕರಿಸದೆ ಅದು ಯಾರನ್ನೂ ಬಂಧಿಸುವುದಿಲ್ಲ. ಮಾತುಕತೆಯಲ್ಲಿ ‘ಸರ್ಕಾರದ ಮಾದರಿಯೇ ಹೀಗೆ ಹೇಳುತ್ತದೆ’ ಎಂದು ತೋರಿಸಲು ಅದು ಉಪಯುಕ್ತ. ಸಹಿ ಹಾಕಿದ ಕರಾರನ್ನು ಅದರ ಬಲದಿಂದ ಅಳಿಸಲಾಗದು.

ಇನ್ನು ಕೆಲವರು ಒಪ್ಪಂದ ಕಾಯ್ದೆಯ 74ನೇ ಕಲಮನ್ನು ಹಿಡಿದು, ನಿಜವಾದ ನಷ್ಟವಿಲ್ಲದೆ ದಂಡ ವಸೂಲಿ ಮಾಡುವಂತಿಲ್ಲ ಎನ್ನುತ್ತಾರೆ. ಷರತ್ತನ್ನು ಮುರಿದಾಗ ಕೊಡಬೇಕಾದ ಮೊತ್ತದ ವಿಷಯದಲ್ಲಿ ಆ ವಾದಕ್ಕೆ ಬಲವಿದೆ. ‘ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕೊಡತಕ್ಕದ್ದು’ ಎಂಬುದಾದರೋ ಷರತ್ತು ಮುರಿದುದಕ್ಕೆ ವಿಧಿಸಿದ ದಂಡವಲ್ಲ, ಮೊದಲೇ ಒಪ್ಪಿಕೊಂಡ ಒಂದು ಬಾಬ್ತು ಎಂದು ಮಾಲೀಕರ ವಕೀಲರು ಉತ್ತರಿಸುತ್ತಾರೆ. ಆ ಉತ್ತರವನ್ನು ತಳ್ಳಿಹಾಕುವುದು ಕಷ್ಟ. ಹೀಗಾಗಿ ನಿಮ್ಮ ಹೋರಾಟವೇನಿದ್ದರೂ ಸಹಿ ಹಾಕುವ ಮುನ್ನವೇ ಆಗಬೇಕು.

ಈಗ ಸವಕಳಿಯ ವಿಷಯ. ಎಚ್ಚರಿಕೆಯಿಂದ ಬಾಳುವ ಒಂದು ಕುಟುಂಬ ಅಷ್ಟೇ ಕಾಲ ಅದೇ ಮನೆಯಲ್ಲಿದ್ದಿದ್ದರೂ ಈ ಗುರುತು ಬೀಳುತ್ತಿತ್ತೇ ಎಂದು ನಾನು ಮೊದಲು ಕೇಳುತ್ತೇನೆ. ಬಿಸಿಲಿಗೆ ಬಣ್ಣ ಮಾಸುವುದು, ಬೀರು ಅಥವಾ ಫೋಟೋ ತೆಗೆದ ಜಾಗದಲ್ಲಿ ಗೋಡೆ ಬೇರೆ ಬಣ್ಣವಾಗಿ ಕಾಣುವುದು, ಸ್ವಿಚ್ ಬೋರ್ಡಿನ ಸುತ್ತ ಕೈಗುರುತು, ಮಂಚ ಸೋಫಾಗಳು ತಾಗಿದ ಗೆರೆ, ಕ್ಯಾಲೆಂಡರಿಗೆ ಹೊಡೆದ ಒಂದೆರಡು ಸಣ್ಣ ಮೊಳೆಯ ತೂತು ಇವೆಲ್ಲ ಸವಕಳಿಯೇ. ಬಳಪ ಅಥವಾ ಸ್ಕೆಚ್ ಪೆನ್ನಿನ ಗೀಚು, ಡಬಲ್ ಸೈಡ್ ಟೇಪ್ ಕಿತ್ತಾಗ ಅದರ ಜೊತೆ ಎದ್ದುಬಂದ ಬಣ್ಣ, ಟಿವಿ ಮತ್ತು ಏಸಿಗಾಗಿ ಕೊರೆದ ರಂಧ್ರ, ಅನುಮತಿಯಿಲ್ಲದೆ ಬಳಿದ ಗಾಢ ಬಣ್ಣ ಇವು ಹಾನಿ. ಇಲ್ಲಿಯವರೆಗೆ ಹೆಚ್ಚು ಜಗಳವಿಲ್ಲ.

ಜಗಳವಾಗುವುದು ನಡುವಿನ ಸಂಗತಿಗಳಲ್ಲಿ. ಒಗ್ಗರಣೆಯ ಎಣ್ಣೆಯಂಶ ಒಲೆಯ ಮೇಲಿನ ಗೋಡೆಗೆ ಅಂಟುವುದು ಅಡುಗೆ ಮಾಡುವ ಎಲ್ಲ ಮನೆಗಳಲ್ಲೂ ಆಗುವಂಥದ್ದು. ಆದರೆ ಅದನ್ನು ಒರೆಸದೆ ವರ್ಷಗಟ್ಟಲೆ ಬಿಟ್ಟು ಅದು ಕಂದು ಪದರವಾದರೆ, ಸಹಜ ಸವಕಳಿಯೆಂಬ ಮಾತು ಅಷ್ಟು ಸುಲಭವಾಗಿ ನಿಲ್ಲದು. ದೇವರ ಗೂಡಿನ ಮೇಲೆ ದೀಪದ ಮಸಿ ಹಿಡಿದದ್ದೂ ಹೀಗೆಯೇ. ಅದಕ್ಕೆ ಹೆಂಚೋ ತಗಡೋ ಒಂದು ತಡೆ ಇಡಬಹುದಿತ್ತು ಎಂದು ಮಾಲೀಕರು ಹೇಳಿದರೆ ಅದು ತೀರಾ ಅನ್ಯಾಯದ ಮಾತಲ್ಲ. ಇಲ್ಲಿ ಗೋಡೆಗೆ ಯಾವ ಬಣ್ಣ ಹೊಡೆದಿದೆ ಎಂಬುದು ಬಹಳ ಮುಖ್ಯ, ಆದರೂ ಅದನ್ನು ಕರಾರಿನಲ್ಲಿ ಬರೆಯುವವರು ವಿರಳ. ಅಗ್ಗದ ಡಿಸ್ಟೆಂಪರ್ ಮೇಲೆ ಅಂಗೈ ಉಜ್ಜಿದರೆ ಸುಣ್ಣದಂಥ ಪುಡಿ ಕೈಗೆ ಬರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆಯ ಜೊತೆ ಬಣ್ಣವೂ ಹೋಗುತ್ತದೆ. ಅಂಥ ಗೋಡೆಯನ್ನು ಶುಚಿಯಾಗಿ ಇಟ್ಟುಕೊಳ್ಳುವುದು ಬಾಡಿಗೆದಾರನ ಕೈಯಲ್ಲಿಲ್ಲ, ಆ ಬಣ್ಣವನ್ನು ಆರಿಸಿದವರು ಮಾಲೀಕರು. ತೊಳೆಯಬಹುದಾದ ಎಮಲ್ಷನ್ ಹೊಡೆಸಿದ್ದರೆ ಒರೆಸಿ ಕೊಡಬೇಕೆಂದು ಕೇಳುವ ಹಕ್ಕು ಅವರಿಗಿದೆ.

ನಿಮ್ಮ ಹೊಸ ಮನೆಯಲ್ಲಿ ಉಬ್ಬಿರುವ ಗೋಡೆಯ ಬಗ್ಗೆ ವಿಶೇಷ ಎಚ್ಚರ ಬೇಕು, ಏಕೆಂದರೆ ತೇವದ ಗೋಡೆಗೆ ಯಾರು ಎಷ್ಟು ಬಾರಿ ಬಣ್ಣ ಹೊಡೆಸಿದರೂ ಅದು ಒಂದು ಮಳೆಗಾಲ ದಾಟುವುದು ಅನುಮಾನ. ಗೋಡೆಯ ಆಚೆ ಸ್ನಾನದ ಮನೆಯಿದೆಯೇ, ಮೇಲೆ ತಾರಸಿಯಿದೆಯೇ ನೋಡಿ. ಬಣ್ಣ ಗುಳ್ಳೆಯಂತೆ ಉಬ್ಬಿ, ಚಕ್ಕೆ ಎದ್ದು, ಒಳಗಿಂದ ಬಿಳಿ ಉಪ್ಪಿನಂಥ ಪುಡಿ ಉದುರುತ್ತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಎಂದರ್ಥ. ಅದು ಪೈಪಿನ ಸೋರಿಕೆ, ತಾರಸಿಯ ಬಿರುಕು ಅಥವಾ ನೆಲದಿಂದ ಏರುವ ತೇವ. ಮೂರೂ ಮಾಲೀಕರ ಹೊಣೆ. ಇದಕ್ಕೆ ಬದಲಾಗಿ ಹೊರಗೋಡೆಯ ಮೂಲೆಯಲ್ಲಿ, ಬೀರುವಿನ ಹಿಂದೆ, ಕಪ್ಪು ಚುಕ್ಕಿಗಳ ಬೂಷ್ಟು ಹಿಡಿದಿದ್ದು ಒರೆಸಿದರೆ ಹೋಗುವಂತಿದ್ದರೆ, ಕೋಣೆಯ ಗಾಳಿಯಲ್ಲಿನ ತೇವವೇ ತಣ್ಣನೆಯ ಗೋಡೆಯ ಮೇಲೆ ಕೂತಿರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಒಳಗೆ ಬಟ್ಟೆ ಒಣಗಿಸಿದರೆ ಹೀಗಾಗುತ್ತದೆ, ಆಗ ಬಾಡಿಗೆದಾರರಿಗೂ ಒಂದು ಪಾಲು ಹೊಣೆ ಬರುತ್ತದೆ. ಸಂದೇಹವಿದ್ದರೆ ಒಂದು ಅಡಿ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಆ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದರೆ ನೀರು ಗೋಡೆಯದು. ಮುಂಬದಿಯಲ್ಲಿ ಕಟ್ಟಿದರೆ ಕೋಣೆಯದು. ಮಾಲೀಕರ ಎದುರಿನಲ್ಲೇ ಇದನ್ನು ಮಾಡುವುದು ಒಳ್ಳೆಯದು. ಮುಂದೆ ಹೊಸ ಜಾಗದಲ್ಲಿ ತೇವ ಕಂಡರೆ ಅಂದೇ ಫೋಟೋ ಸಮೇತ ತಿಳಿಸಿ. ತಿಳಿಸದೆ ಸುಮ್ಮನಿದ್ದು ಗೋಡೆ ಪೂರ್ತಿ ಹಾಳಾದರೆ ‘ಮೊದಲೇ ಹೇಳಿದ್ದರೆ ಸರಿ ಮಾಡಿಸುತ್ತಿದ್ದೆ’ ಎಂಬ ಮಾತಿಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಕರಾರಿನಲ್ಲಿ ಏನು ಬರೆಯಬೇಕೆಂಬುದಕ್ಕೆ ಪ್ರಾಯೋಗಿಕವಾಗಿ ಎರಡು ದಾರಿಗಳಿವೆ. ಮಾಲೀಕರು ಒಂದು ತಿಂಗಳ ಬಾಡಿಗೆಯ ಮಾತಿನಿಂದ ಕದಲದಿದ್ದರೆ ಮೊದಲನೆಯದು: ನಿಗದಿತ ಮೊತ್ತವನ್ನೇ ಒಪ್ಪಿಕೊಂಡು, ಅದಕ್ಕೆ ಬೇಲಿ ಹಾಕುವುದು. ನಿಮ್ಮ ಹಿಂದಿನ ಮನೆಯಲ್ಲಿ ಆದ ನಿಜವಾದ ಅನ್ಯಾಯ 24,000 ಅಲ್ಲ, ಅದರ ಮೇಲೆ ಬಂದ 9,000. ಇಡೀ ಮನೆಗೆ ಬಣ್ಣ ಹೊಡೆಸುವ ಹಣವನ್ನು ಪಡೆದವರು ಅದೇ ಮನೆಯ ಒಂದು ಗೋಡೆಗೆ ಮತ್ತೆ ಹಣ ಕೇಳಿದ್ದಾರೆ. ಇದನ್ನು ತಪ್ಪಿಸಲು ಆ ಷರತ್ತಿಗೆ ಒಂದೇ ವಾಕ್ಯ ಸೇರಿಸಿದರೆ ಸಾಕು: ‘ಈ ಮೊತ್ತವು ಗೋಡೆ ಮತ್ತು ಸೂರಿನ ಮೇಲಿನ ಎಲ್ಲ ಕಲೆ, ಗೀಚು, ಮೊಳೆಯ ತೂತು, ಬಣ್ಣದ ಹಾನಿ, ಪುಟ್ಟಿ ಕೆಲಸಗಳನ್ನು ಒಳಗೊಂಡಿದ್ದು, ಗಾರೆ ಒಡೆದಿರುವ ಸಂದರ್ಭದ ಹೊರತು ಗೋಡೆಗಳ ಬಾಬ್ತು ಬೇರೆ ಯಾವ ಕಡಿತವನ್ನೂ ಮಾಡತಕ್ಕದ್ದಲ್ಲ.’ ಚಿಕ್ಕ ಮಗುವಿರುವ ಮನೆಗೆ ಈ ದಾರಿ ಕೆಟ್ಟದ್ದೇನಲ್ಲ, ಏಕೆಂದರೆ ಎಷ್ಟು ಗೀಚಿದರೂ ಖರ್ಚು ಮೊದಲೇ ಗೊತ್ತು. ಮೊತ್ತವನ್ನು ‘ಒಂದು ತಿಂಗಳ ಬಾಡಿಗೆ’ ಎನ್ನದೆ ಅಂಕಿಯಲ್ಲಿ ಬರೆಸಿ. ಇಲ್ಲವಾದರೆ ಪ್ರತಿ ವರ್ಷ ಬಾಡಿಗೆ ಏರಿದಂತೆ ಅದೂ ಏರುತ್ತದೆ. ನಷ್ಟವೆಂದರೆ ಗೋಡೆಯನ್ನು ಕನ್ನಡಿಯಂತೆ ಇಟ್ಟುಕೊಂಡರೂ ಹಣ ಹೋಗುತ್ತದೆ, ಮತ್ತು ಆ ಹಣದಲ್ಲಿ ಮಾಲೀಕರು ಬಣ್ಣ ಹೊಡೆಸಿದರೋ ಇಲ್ಲವೋ ಎಂದು ಕೇಳುವ ಹಕ್ಕು ನಿಮಗಿರುವುದಿಲ್ಲ.

ಎರಡನೆಯ ದಾರಿ ನನಗೆ ಹೆಚ್ಚು ನ್ಯಾಯವೆನಿಸುವಂಥದ್ದು: ಸವಕಳಿಯ ಬಣ್ಣ ಮಾಲೀಕರದು, ಹಾನಿಯ ಬಣ್ಣ ಬಾಡಿಗೆದಾರರದು, ಹಾನಿಯ ಲೆಕ್ಕ ಗೋಡೆಯೊಂದಕ್ಕೆ ಮತ್ತು ಬಣ್ಣದ ಉಳಿದ ಆಯುಷ್ಯಕ್ಕೆ ತಕ್ಕಂತೆ. ಬಣ್ಣಕ್ಕೆ ಒಂದು ಆಯುಷ್ಯವಿದೆ ಎಂಬುದನ್ನು ಯಾವ ಮಾಲೀಕರೂ ಅಲ್ಲಗಳೆಯುವುದಿಲ್ಲ. ಡಿಸ್ಟೆಂಪರ್ ಎರಡು ಮೂರು ವರ್ಷಕ್ಕೇ ಮಂಕಾಗುತ್ತದೆ, ಸಾಧಾರಣ ಎಮಲ್ಷನ್ ಮೂರು ನಾಲ್ಕು ವರ್ಷ ಬಾಳುತ್ತದೆ, ಒಳ್ಳೆಯದು ಇನ್ನೂ ಕೆಲವು ವರ್ಷ ಹೆಚ್ಚು. ನಿಮ್ಮಿಬ್ಬರಿಗೂ ಒಪ್ಪಿಗೆಯಾದ ಒಂದು ಅಂಕಿಯನ್ನು, ಉದಾಹರಣೆಗೆ 48 ತಿಂಗಳು ಎಂದು, ಕರಾರಿನಲ್ಲೇ ಬರೆದುಬಿಡಿ. ತಿಂಗಳು ಎಣಿಸಬೇಕಾದದ್ದು ನೀವು ಬಂದ ದಿನದಿಂದಲ್ಲ, ಗೋಡೆಗೆ ಕೊನೆಯ ಬಾರಿ ಬಣ್ಣ ಹೊಡೆಸಿದ ದಿನದಿಂದ.

ಲೆಕ್ಕ ಹಾಕಿ ನೋಡೋಣ. ನೀವು ಬರುವ ಮುನ್ನ ಹೊಸದಾಗಿ ಎಮಲ್ಷನ್ ಹೊಡೆಸಿದ್ದಾರೆ, ನೀವು 30 ತಿಂಗಳಿಗೆ ಮನೆ ಬಿಡುತ್ತೀರಿ ಎಂದುಕೊಳ್ಳಿ. ಮಗು ಹಾಲಿನ ಒಂದು ಗೋಡೆಯ ಮೇಲೆ ಚಿತ್ರ ಬರೆದಿದೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಗೋಡೆ, ಅಂದರೆ 120 ಚದರ ಅಡಿ. ಗೀಚಿದ ಜಾಗಕ್ಕೆ ಮಾತ್ರ ಬಣ್ಣ ಬಳಿದರೆ ತೇಪೆ ಎದ್ದು ಕಾಣುತ್ತದೆ, ಆದ್ದರಿಂದ ಈ ಮೂಲೆಯಿಂದ ಆ ಮೂಲೆಯವರೆಗೆ ಪೂರ್ತಿ ಗೋಡೆಗೆ ಹೊಡೆಸಬೇಕೆಂದು ಮಾಲೀಕರು ಕೇಳುವುದು ಸರಿ. ಪಕ್ಕದ ಮೂರು ಗೋಡೆಗಳಿಗೂ ಕೇಳುವುದು ಸರಿಯಲ್ಲ. ಒಂದೇ ಗೋಡೆಗೆ ಬಂದರೂ ಪೇಂಟರ್ ಒಂದು ದಿನದ ಕೂಲಿ ಕೇಳುತ್ತಾನೆ, ಪ್ರೈಮರ್, ಬಣ್ಣ ಎಲ್ಲ ಸೇರಿ 4,000 ರೂಪಾಯಿ ಆಯಿತೆನ್ನಿ. 48 ತಿಂಗಳಲ್ಲಿ 30 ಕಳೆದಿದೆ, 18 ಉಳಿದಿದೆ. ನಿಮ್ಮ ಪಾಲು 4,000ದ ನಲವತ್ತೆಂಟರಲ್ಲಿ ಹದಿನೆಂಟು ಭಾಗ, ಅಂದರೆ 1,500. ಟಿವಿಗಾಗಿ ಕೊರೆದ ರಂಧ್ರ ಮುಚ್ಚಿಸಲು 600 ಖರ್ಚಾದರೆ ಅದು ಪೂರ್ತಿ ನಿಮ್ಮದೇ, ಏಕೆಂದರೆ ರಂಧ್ರವನ್ನು ಕಾಲ ಕೊರೆದದ್ದಲ್ಲ. ಒಟ್ಟು 2,100 ರೂಪಾಯಿ. ನಿಗದಿತ ಷರತ್ತಿನಲ್ಲಿ ಇದೇ ಮನೆಗೆ 28,000 ಹೋಗುತ್ತಿತ್ತು.

ಇಷ್ಟು ದೊಡ್ಡ ಅಂತರವನ್ನು ನೋಡಿ ಮಾಲೀಕರು ಒಪ್ಪಲಾರರು ಎನಿಸಬಹುದು. ಅವರ ಆಕ್ಷೇಪದಲ್ಲಿ ನ್ಯಾಯವಾದ ಒಂದು ಅಂಶವೂ ಇದೆ. ಸಾವಿರ ಚದರ ಅಡಿಯ ಮನೆಯಲ್ಲಿ ಗೋಡೆ ಸೂರು ಸೇರಿ ಸುಮಾರು ಮೂರು ಸಾವಿರ ಚದರ ಅಡಿ ಬಣ್ಣದ ಕೆಲಸವಿರುತ್ತದೆ. ಚದರ ಅಡಿಗೆ 12 ರೂಪಾಯಿ ಹಿಡಿದರೂ 36,000. ಬರುವ ಹೊಸ ಬಾಡಿಗೆದಾರರೆಲ್ಲ ಹೊಸ ಬಣ್ಣ ಕೇಳುತ್ತಾರೆ. ನೀವು ಏಳೇ ತಿಂಗಳಿಗೆ ಬಿಟ್ಟುಹೋದರೆ ಗೋಡೆಗೆ ಏನೂ ಆಗದಿದ್ದರೂ ಅವರಿಗೆ ಆ ಖರ್ಚು ಮತ್ತೆ ಬಂದೀತೆಂಬ ಭಯ. ಈ ಭಯಕ್ಕೆ ನೀವಾಗಿಯೇ ಉತ್ತರ ಕೊಡಿ: ಹನ್ನೆರಡು ತಿಂಗಳೊಳಗೆ ನೀವಾಗಿ ಬಿಟ್ಟರೆ ಇಡೀ ಮನೆಯ ಬಣ್ಣದ ಖರ್ಚಿನಲ್ಲಿ ಕಾಲುಭಾಗ, 9,000 ರೂಪಾಯಿಗೆ ಮೀರದಂತೆ, ಕೊಡುವುದಾಗಿ ಬರೆಯಿರಿ. ಮಾಲೀಕರೇ ಬಿಡಿಸಿದರೆ ಇದು ಅನ್ವಯಿಸುವುದಿಲ್ಲವೆಂದೂ ಬರೆಯಿರಿ. ಬಾಡಿಗೆಯ ಆದಾಯದ ಮೇಲೇ ಬದುಕುವ ನಿವೃತ್ತ ಮಾಲೀಕರು ಈ ಮಾತಿಗೆ ಒಪ್ಪಿದ್ದನ್ನು ನಾನು ಕಂಡಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಬೇಗ ಬಿಟ್ಟುಹೋಗುವವರ ವಿರುದ್ಧ ಒಂದು ರಕ್ಷಣೆ.

ಷರತ್ತನ್ನು ಈ ರೀತಿ ಬರೆಯಬಹುದು: ‘ಗೋಡೆಗಳ ಬಣ್ಣವು ಕೊನೆಯದಾಗಿ ಹೊಡೆಸಿದ ತಿಂಗಳಿನಿಂದ 48 ತಿಂಗಳು ಬಾಳುತ್ತದೆಂದು ಉಭಯ ಪಕ್ಷಗಳು ಒಪ್ಪಿರುತ್ತವೆ. ಸಹಜ ಸವಕಳಿಯಿಂದ ಬೇಕಾಗುವ ಬಣ್ಣದ ಖರ್ಚು ಮಾಲೀಕರದ್ದು. ಅನುಬಂಧದಲ್ಲಿ ನಮೂದಿಸಿದ ಸ್ಥಿತಿಗೆ ಮೀರಿ ಬಾಡಿಗೆದಾರರಿಂದ ಹಾನಿಯಾದ ಗೋಡೆಗೆ ಮಾತ್ರ, ಬಿಲ್ಲಿನ ಆಧಾರದ ಮೇಲೆ, ಉಳಿದ ತಿಂಗಳುಗಳ ಪ್ರಮಾಣದಲ್ಲಿ ಬಾಡಿಗೆದಾರರು ಕೊಡತಕ್ಕದ್ದು. ತೇವ, ಸೋರಿಕೆ ಮತ್ತು ಗಾರೆಯ ದೋಷದಿಂದಾದ ಹಾನಿ ಇದರಲ್ಲಿ ಸೇರುವುದಿಲ್ಲ.’ ಸಹಜ ಸವಕಳಿ ಎಂದಷ್ಟೇ ಬಿಡದೆ, ಮೇಲೆ ಹೇಳಿದ ಐದಾರು ಉದಾಹರಣೆಗಳನ್ನು ಅದರ ಕೆಳಗೆ ಬರೆಸಿ. ಅಡುಗೆಮನೆಯ ಎಣ್ಣೆ ಮತ್ತು ದೀಪದ ಮಸಿ ಯಾವ ಕಡೆಗೆ ಎಂಬುದನ್ನು ಹೆಸರು ಹಿಡಿದೇ ತೀರ್ಮಾನಿಸಿಕೊಳ್ಳಿ.

ಈ ದಾರಿಯ ದೌರ್ಬಲ್ಯವೆಂದರೆ ಅದು ಸಂಪೂರ್ಣವಾಗಿ ಅನುಬಂಧದ ಮೇಲೆ ನಿಂತಿದೆ. ಪೆಟ್ಟಿಗೆಗಳು ಒಳಗೆ ಬರುವ ಮುನ್ನ, ಖಾಲಿ ಮನೆಯಲ್ಲಿ, ಹಗಲು ಬೆಳಕಿನಲ್ಲಿ ಕೋಣೆಕೋಣೆಯಾಗಿ ವಿಡಿಯೊ ಮಾಡಿ ಅದೇ ದಿನ ಮಾಲೀಕರ ವಾಟ್ಸಾಪಿಗೆ ಕಳುಹಿಸಿ. ಅದರ ಜೊತೆಗೆ ಒಂದು ಪುಟದಲ್ಲಿ ಪ್ರತಿ ಕೋಣೆಯ ಗೋಡೆಗಳ ಸ್ಥಿತಿ, ಬಣ್ಣದ ಬಗೆ, ಕಂಪನಿ, ಶೇಡಿನ ಸಂಖ್ಯೆ, ಹೊಡೆಸಿದ ತಿಂಗಳು ಇಷ್ಟನ್ನು ಕೈಬರಹದಲ್ಲಾದರೂ ಬರೆದು ಇಬ್ಬರೂ ಸಹಿ ಹಾಕಿ. ನಿಮ್ಮ ಉಬ್ಬಿದ ಗೋಡೆ ಆ ಪುಟದ ಮೊದಲ ಸಾಲಿನಲ್ಲಿರಲಿ. ಮುದ್ರಿತ ಕರಾರುಗಳಲ್ಲಿ ‘ಬಾಡಿಗೆದಾರರು ಮನೆಯನ್ನು ಹೊಸ ಬಣ್ಣದೊಂದಿಗೆ ಸುಸ್ಥಿತಿಯಲ್ಲಿ ಪಡೆದಿರುತ್ತಾರೆ’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದಕ್ಕೆ ‘ಅನುಬಂಧದಲ್ಲಿ ನಮೂದಿಸಿದ್ದನ್ನು ಹೊರತುಪಡಿಸಿ’ ಎಂದು ಸೇರಿಸದೆ ಸಹಿ ಹಾಕಿದರೆ ಉಬ್ಬಿದ ಗೋಡೆಯನ್ನು ನೀವೇ ಸುಸ್ಥಿತಿಯದೆಂದು ಒಪ್ಪಿಕೊಂಡಂತೆ.

ಅನುಭವದಲ್ಲಿ ಕಂಡ ಇನ್ನೊಂದು ಗುಂಡಿ ನವೀಕರಣದ್ದು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕಾಗುವುದರಿಂದ ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡಿ, ಮುಗಿದಾಗ ಹೊಸದನ್ನು ಬರೆಯುತ್ತಾರೆ. ಎರಡನೆಯ ಬಾರಿ ಅದೇ ಮುದ್ರಿತ ನಮೂನೆಗೆ ಸಹಿ ಹಾಕಿದಾಗ, ಆ ದಿನಾಂಕದಂದು ಮನೆಯನ್ನು ಹೊಸ ಬಣ್ಣದೊಂದಿಗೆ ಪಡೆದಿರಿ ಎಂದಾಗುತ್ತದೆ. ಗೋಡೆಯ ಹಳೆಯ ತಿಂಗಳುಗಳೂ ಹಳೆಯ ಅನುಬಂಧವೂ ಒಂದೇ ಏಟಿಗೆ ಅಳಿಸಿಹೋಗುತ್ತವೆ. ಪ್ರತಿ ನವೀಕರಣದಲ್ಲೂ ಮೊದಲು ಸ್ವಾಧೀನಕ್ಕೆ ಬಂದ ದಿನಾಂಕವನ್ನು ನಮೂದಿಸಿ, ಮೊದಲ ಅನುಬಂಧವೇ ಮುಂದುವರಿಯುತ್ತದೆಂದು ಬರೆಯಿರಿ, ಅದರ ಪ್ರತಿಯನ್ನು ಹೊಸ ಕರಾರಿಗೆ ಲಗತ್ತಿಸಿ. ಮುದ್ರಾಂಕ ಶುಲ್ಕವನ್ನು ಸರಿಯಾಗಿ ಕಟ್ಟಿದ ಇ-ಸ್ಟ್ಯಾಂಪ್ ಕಾಗದದಲ್ಲೇ ಕರಾರು ಇರಲಿ. ಶುಲ್ಕ ಕಡಿಮೆಯಿದ್ದರೆ ಕೊರತೆಯನ್ನೂ ದಂಡವನ್ನೂ ಕಟ್ಟುವವರೆಗೆ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ನೋಡುವುದಿಲ್ಲ.

‘ನಾವೇ ಬಣ್ಣ ಹೊಡೆಸಿ ಕೊಡುತ್ತೇವೆ’ ಎಂಬ ಮೂರನೆಯ ಯೋಚನೆ ಹಲವರಿಗೆ ಬರುತ್ತದೆ. ಮನೆ ಬಿಡುವ ವಾರದಲ್ಲಿ ಅಷ್ಟು ಬಿಡುವು ಯಾರಿಗೂ ಇರುವುದಿಲ್ಲ, ಹೊಡೆಸಿದ ಬಣ್ಣ ಮಾಲೀಕರಿಗೆ ಒಪ್ಪಿಗೆಯಾಗದಿದ್ದರೆ ಎರಡು ಸಲ ಹಣ ಹೋಗುತ್ತದೆ. ನಾನು ಇದನ್ನು ಸಲಹೆ ಮಾಡುವುದಿಲ್ಲ.

ಹಿಂದಿನ ಮನೆಯ ಹಣದ ಬಗ್ಗೆ: ಆ ಕರಾರಿನಲ್ಲೂ ಒಂದು ತಿಂಗಳ ಷರತ್ತು ಇದ್ದಿದ್ದರೆ 24,000ವನ್ನು ಬೆನ್ನಟ್ಟುವುದರಲ್ಲಿ ಹೆಚ್ಚು ಫಲ ಕಾಣುವುದಿಲ್ಲ. ಇರದಿದ್ದರೆ ಪೂರ್ತಿ ಮೊತ್ತವನ್ನೇ ಕೇಳಬಹುದು. 9,000 ರೂಪಾಯಿಯನ್ನಂತೂ ಎರಡು ಸಂದರ್ಭಗಳಲ್ಲೂ ಕೇಳಿ. ಅಡುಗೆಮನೆಯ ಕೆಲಸದ ಬಿಲ್ಲು ಮತ್ತು ಹಾನಿಯ ಫೋಟೋ ಕೊಡುವಂತೆ, ಹದಿನೈದು ದಿನಗಳ ಗಡುವು ಕೊಟ್ಟು, ನೋಂದಣಿ ಸೌಲಭ್ಯವಿರುವ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಬಹುದು. ಅದಕ್ಕೆ ನ್ಯಾಯಾಲಯದ ಶುಲ್ಕವಿಲ್ಲ. ಇಷ್ಟು ಸಣ್ಣ ಮೊತ್ತದ ವಿವಾದಗಳು ಅಲ್ಲಿ ಎದುರುಬದುರು ಕೂತು ಮುಗಿಯುವ ಸಂಭವ ಹೆಚ್ಚು. ದಾವೆ ಹೂಡುವುದಾದರೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ, ಆದರೆ 9,000 ರೂಪಾಯಿಗೆ ವಕೀಲರ ಶುಲ್ಕ ಕೊಟ್ಟು ದಾವೆಗೆ ಹೋಗಿ ಎಂದು ನಾನು ಹೇಳಲಾರೆ.